ಮಾರ್ಕ್ಸ್ ಕಾರ್ಡ್‌ನಲ್ಲಿ ‘ಗಮನ ಕೊಡಬೇಕು’ ಅಂತ ಬರೆದಿದ್ದಾರಾ? ಸಹಿ ಹಾಕುವ ಮೊದಲು ಹೀಗೆ ಓದಿ

ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ಅರ್ಧವಾರ್ಷಿಕ ಪರೀಕ್ಷೆಯ ಮಾರ್ಕ್ಸ್ ಕಾರ್ಡ್ ಮನೆಗೆ ಬರುತ್ತೆ. ಅಪ್ಪ ಅಮ್ಮ ಮೊದಲು ನೋಡುವುದು ಅಂಕ, ಆಮೇಲೆ ಗ್ರೇಡ್. ಕೊನೆಯಲ್ಲಿ ಷರಾ ಕಾಲಂನಲ್ಲಿ ಮೂರು ನಾಲ್ಕು ಪದ ಇರುತ್ತೆ: ‘ಉತ್ತಮ, ಇನ್ನೂ ಪ್ರಯತ್ನಿಸಬೇಕು’, ‘ಗಮನ ಕಡಿಮೆ’, ‘ಶಾಂತ ಸ್ವಭಾವ’, ‘ಕೇರ್‌ಲೆಸ್ ಮಿಸ್ಟೇಕ್ಸ್’. ಅದನ್ನು ಓದಿ ಮಗುವಿಗೆ ಒಂದು ಮಾತು ಬೈದು, ಪೋಷಕರ ಸಹಿ ಜಾಗದಲ್ಲಿ ಸಹಿ ಹಾಕಿ ಕಳಿಸಿಬಿಟ್ಟರೆ ಕೆಲಸ ಮುಗೀತು ಅನ್ನುವವರೇ ಜಾಸ್ತಿ.

ಆದರೆ ಆ ಮೂರು ಪದದ ಹಿಂದೆ ಶಿಕ್ಷಕರು ನಾಲ್ಕು ತಿಂಗಳು ಕಣ್ಣಾರೆ ನೋಡಿದ ಸಂಗತಿ ಇರುತ್ತೆ. ಅದು ಪೂರ್ತಿ ಬರೆಯಲು ಕಾರ್ಡ್‌ನಲ್ಲಿ ಜಾಗ ಇಲ್ಲ. ಒಂದೇ ಸಂಜೆ ಇಡೀ ತರಗತಿಯ ಕಾರ್ಡ್ ಬರೆಯಬೇಕಾದ ಶಿಕ್ಷಕರಿಗೆ ಸಮಯವೂ ಇಲ್ಲ. ಜೊತೆಗೆ ವರ್ಷಗಟ್ಟಲೆ ಉಳಿಯುವ ಕಾಗದದ ಮೇಲೆ ಮಗುವಿನ ಬಗ್ಗೆ ಕಟುವಾಗಿ ಬರೆಯಲು ಅವರು ಹಿಂಜರಿಯುತ್ತಾರೆ. ಹಾಗಾಗಿ ‘ಓದಿದ್ದು ಅರ್ಥ ಆಗ್ತಿಲ್ಲ’ ಅನ್ನುವ ಮಾತು ಕಾರ್ಡ್ ಮೇಲೆ ಬರುವಾಗ ‘ಗಮನ ಕೊಡಬೇಕು’ ಅಂತ ಆಗಿರಬಹುದು. ಇನ್ನೊಂದು ವಿಷಯ: ಷರಾ ಬರೆಯುವುದು ಸಾಮಾನ್ಯವಾಗಿ ಕ್ಲಾಸ್ ಟೀಚರ್. ಅಂಕ ಕಡಿಮೆ ಬಂದ ವಿಷಯದ ಶಿಕ್ಷಕರು ಬೇರೆಯವರೇ ಇರಬಹುದು.

ಷರಾ ಒಂದನ್ನೇ ಓದಬೇಡಿ

ಷರಾಕ್ಕೆ ಅರ್ಥ ಬರುವುದು ಅದೇ ಕಾರ್ಡ್‌ನ ಬೇರೆ ಜಾಗಗಳ ಜೊತೆ ಇಟ್ಟು ಓದಿದಾಗ.

ಮೊದಲನೆಯದು ಎಫ್‌ಎ ಮತ್ತು ಎಸ್‌ಎ ನಡುವಿನ ಅಂತರ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ ಮೌಲ್ಯಮಾಪನ ಇರುತ್ತೆ. ಇವೇ ಕಾರ್ಡ್‌ನಲ್ಲಿ ಕಾಣುವ ಎಫ್‌ಎ ಮತ್ತು ಎಸ್‌ಎ. ಎಫ್‌ಎಯಲ್ಲಿ ಚಟುವಟಿಕೆ, ಪ್ರಾಜೆಕ್ಟ್, ಬಾಯಿಮಾತಿನ ಉತ್ತರ, ಕಿರು ಪರೀಕ್ಷೆ ಸೇರಿರುತ್ತೆ. ಎಸ್‌ಎ ಅಂದರೆ ಕೂತು ಬರೆಯುವ ದೊಡ್ಡ ಪರೀಕ್ಷೆ. ಎಫ್‌ಎ ಚೆನ್ನಾಗಿದ್ದು ಎಸ್‌ಎ ದಿಢೀರ್ ಇಳಿದಿದ್ದರೆ ಮಗು ತರಗತಿಯಲ್ಲಿ ಜೊತೆಗಿದೆ, ಒಬ್ಬಂಟಿಯಾಗಿ ಪ್ರಶ್ನೆ ಓದಿ ಉತ್ತರ ಬರೆಯುವಾಗ ಎಡವುತ್ತಿದೆ ಅಂತ ಊಹಿಸಬಹುದು. ಎಸ್‌ಎ ಪರವಾಗಿಲ್ಲ, ಎಫ್‌ಎ ಕಡಿಮೆ ಅಂದರೆ ಹೋಂವರ್ಕ್, ಪ್ರಾಜೆಕ್ಟ್ ಕೊಡುತ್ತಿಲ್ಲವೇನೋ ಅಂತ ವಿಚಾರಿಸಬೇಕು.

ಎರಡನೆಯದು ಗ್ರೇಡ್ ಒಳಗಿನ ಅಂಕ. 90ರ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕಡಿಮೆ ಇದ್ದರೆ ಸಿ. ಅಂದರೆ 31 ಬಂದ ಮಗುವಿಗೂ 48 ಬಂದ ಮಗುವಿಗೂ ಒಂದೇ ‘ಬಿ’. ಕಾರ್ಡ್‌ನಲ್ಲಿ ಬರೀ ಗ್ರೇಡ್ ಇದ್ದರೆ ಅಂಕ ಎಷ್ಟು ಅಂತ ಕೇಳಿ ತಿಳಿದುಕೊಳ್ಳಿ.

ಮೂರನೆಯದು ಹಾಜರಾತಿ. ತಿಂಗಳುವಾರು ನೋಡಿ. ಆಗಸ್ಟ್‌ನಲ್ಲಿ ಜ್ವರ ಬಂದು ಎಂಟು ಹತ್ತು ದಿನ ತಪ್ಪಿಸಿಕೊಂಡಿದ್ದರೆ, ಆ ದಿನಗಳಲ್ಲಿ ನಡೆದ ಪಾಠವೇ ಎಸ್‌ಎಯಲ್ಲಿ ಕೈ ಕೊಟ್ಟಿರಬಹುದು. ಅದಕ್ಕೆ ಬೇಕಿರುವುದು ಬೈಗುಳ ಅಲ್ಲ, ಆ ಎರಡು ಪಾಠ ಮತ್ತೆ ಹೇಳಿಕೊಡುವುದು.

‘ಗಮನ ಕಡಿಮೆ’: ಮೊದಲು ಕಣ್ಣು ನೋಡಿ

ಅತಿ ಹೆಚ್ಚು ತಪ್ಪಾಗಿ ಅರ್ಥ ಮಾಡಿಕೊಳ್ಳುವ ಷರಾ ಇದು. ಮೊಬೈಲ್ ಜಾಸ್ತಿ ಆಯ್ತು ಅಂತ ಮನೆಯವರು ತೀರ್ಮಾನಕ್ಕೆ ಬಂದುಬಿಡುತ್ತಾರೆ. ಅದೂ ಇರಬಹುದು. ಆದರೆ ಬೋರ್ಡ್ ಮೇಲೆ ಬರೆದದ್ದು ಕಾಣದ ಮಗು ಕೂಡ ಪಕ್ಕದವರ ಪುಸ್ತಕ ನೋಡುತ್ತೆ, ಕಿಟಕಿ ಕಡೆ ತಿರುಗುತ್ತೆ, ಮಾತಾಡುತ್ತೆ. ಶಿಕ್ಷಕರಿಗೆ ಅದು ಗಮನ ಇಲ್ಲದಂತೆಯೇ ಕಾಣುತ್ತೆ. ತನಗೆ ಕಾಣುತ್ತಿಲ್ಲ ಅಂತ ಮಗು ಹೇಳುವುದೂ ಇಲ್ಲ, ಯಾಕಂದ್ರೆ ಎಲ್ಲರಿಗೂ ಹೀಗೇ ಕಾಣುತ್ತೆ ಅಂತ ಅದು ಅಂದುಕೊಂಡಿರುತ್ತೆ.

ಅಂಗಡಿ ಬಾಗಿಲಲ್ಲಿ ನಿಲ್ಲಿಸಿ ರಸ್ತೆ ಆಚೆಯ ಬೋರ್ಡ್ ಓದಿಸಿ. ಒಂದು ಸಲ ಎಡಗಣ್ಣು ಮುಚ್ಚಿ, ಇನ್ನೊಂದು ಸಲ ಬಲಗಣ್ಣು ಮುಚ್ಚಿ. ನಿಮಗೆ ಸಲೀಸಾಗಿ ಕಾಣುವುದು ಮಗುವಿಗೆ ತಡವರಿಸಿದರೆ, ಕಣ್ಣು ಕಿರಿದು ಮಾಡಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆ ಮಾಡಿಸಿ. ಸರ್ಕಾರಿ ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬಂದಾಗಲೂ ಹೇಳಬಹುದು. ಮನೆಯ ಈ ಪರೀಕ್ಷೆ ಒಂದು ಸುಳಿವು ಮಾತ್ರ. ಬೋರ್ಡ್ ಓದಿತು ಅಂದಮಾತ್ರಕ್ಕೆ ಕಣ್ಣು ಪೂರ್ತಿ ಸರಿ ಇದೆ ಅಂತಲ್ಲ.

‘ಕೇರ್‌ಲೆಸ್ ಮಿಸ್ಟೇಕ್ಸ್’: ತಪ್ಪು ಒಂದೇ ಥರವಾ?

ಇದಕ್ಕೆ ಉತ್ತರ ಪತ್ರಿಕೆ ನೋಡಲೇಬೇಕು. ತಪ್ಪುಗಳು ಒಂದೊಂದು ಥರ ಇದ್ದರೆ ಅವಸರ. ಒಂದೇ ಥರದ ತಪ್ಪು ಮತ್ತೆ ಮತ್ತೆ ಬಂದಿದ್ದರೆ ಅದು ಅವಸರ ಅಲ್ಲ, ಮಗು ತಪ್ಪು ವಿಧಾನವನ್ನೇ ಸರಿ ಅಂತ ಕಲಿತುಬಿಟ್ಟಿದೆ.

ಉದಾಹರಣೆಗೆ 402ರಲ್ಲಿ 168 ಕಳೆಯುವ ಲೆಕ್ಕ. ಸರಿ ಉತ್ತರ 234. ಮಗು 366 ಬರೆದಿದೆ ಅಂದುಕೊಳ್ಳಿ. ನೋಡಿದ ತಕ್ಷಣ ಏನೋ ಗಡಿಬಿಡಿ ಅನಿಸುತ್ತೆ. ಆದರೆ ಬಿಡಿಸಿ ನೋಡಿದರೆ ಮಗು ಎರಡರಲ್ಲಿ ಎಂಟು ಹೋಗಲ್ಲ ಅಂತ ಎಂಟರಲ್ಲಿ ಎರಡು ಕಳೆದು 6 ಬರೆದಿದೆ. ಸೊನ್ನೆಯಲ್ಲಿ ಆರು ಹೋಗಲ್ಲ ಅಂತ ಅಲ್ಲೂ 6. ನಾಲ್ಕರಲ್ಲಿ ಒಂದು ಹೋಗಿ 3. ಎಲ್ಲ ಕಡೆ ದೊಡ್ಡದರಲ್ಲಿ ಚಿಕ್ಕದು ಕಳೆಯುವುದೇ ಅದರ ನಿಯಮ. ಈ ಮಗುವಿಗೆ ‘ನೋಡ್ಕೊಂಡು ಮಾಡು’ ಅಂತ ನೂರು ಸಲ ಹೇಳಿದರೂ ಉಪಯೋಗ ಇಲ್ಲ. ದಶಕ ತೆಗೆದುಕೊಳ್ಳುವುದನ್ನು ಮತ್ತೆ ಮೊದಲಿನಿಂದ ಕಲಿಸಬೇಕು. ನೂರರ ನೋಟಿಗೆ ಹತ್ತರ ಚಿಲ್ಲರೆ ಮಾಡಿ ತೋರಿಸಿದರೆ ಬೇಗ ಹಿಡಿಯುತ್ತೆ.

‘ಶಾಂತ ಸ್ವಭಾವ’: ಹೊಗಳಿಕೆಯಾ?

ಪೋಷಕರು ಖುಷಿಪಟ್ಟು ಮುಂದೆ ಹೋಗುವ ಷರಾ ಇದು. ಅಂಕ ಚೆನ್ನಾಗಿದ್ದರೆ ಹೊಗಳಿಕೆಯೇ. ಅಂಕ ಇಳಿಯುತ್ತಾ ಇದ್ದು ‘ಶಾಂತ’, ‘ಸೌಮ್ಯ’, ‘ಭಾಗವಹಿಸಬೇಕು’ ಅಂತ ಬರೆದಿದ್ದರೆ, ಮಗು ಅರ್ಥ ಆಗದಿದ್ದರೂ ಕೇಳುತ್ತಿಲ್ಲ ಅಂತ ಓದಿಕೊಳ್ಳಬೇಕು. ಗಲಾಟೆ ಮಾಡುವ ಮಗುವಿನ ಕಡೆ ಶಿಕ್ಷಕರ ಕಣ್ಣು ತಾನಾಗಿ ಹೋಗುತ್ತೆ. ಸುಮ್ಮನೆ ಕೂರುವ ಮಗು ತಿಂಗಳುಗಟ್ಟಲೆ ಹಿಂದುಳಿದರೂ ಗೊತ್ತಾಗುವುದು ಪರೀಕ್ಷೆಯಲ್ಲೇ. ಇಲ್ಲಿ ಶಿಕ್ಷಕರಿಗೆ ಮಾಡಬೇಕಾದ ಮನವಿ ಚಿಕ್ಕದು: ‘ದಿನಕ್ಕೊಂದು ಸಲ ಅವಳ ಹೆಸರು ಹಿಡಿದು ಒಂದು ಪ್ರಶ್ನೆ ಕೇಳಿ ಮೇಡಂ.’

ಒಂದು ಕಾರ್ಡ್ ಬಿಡಿಸಿ ನೋಡೋಣ

ಇಂಗ್ಲಿಷ್ ಮೀಡಿಯಂ ಶಾಲೆಯ 6ನೇ ತರಗತಿ ಹುಡುಗಿ, ತಂದೆಯದು ದಿನಸಿ ಅಂಗಡಿ ಅಂದುಕೊಳ್ಳಿ. ಗಣಿತದಲ್ಲಿ ಎರಡೂ ಎಫ್‌ಎಗೆ ಎ, ಎಸ್‌ಎಯಲ್ಲಿ ನೂರಕ್ಕೆ 38, ಅಂದರೆ ಬಿ. ವಿಜ್ಞಾನದಲ್ಲೂ ಎಫ್‌ಎ ಎ, ಎಸ್‌ಎ ಬಿ ಪ್ಲಸ್. ಕನ್ನಡದಲ್ಲಿ ಎಲ್ಲ ಕಡೆ ಎ. ಹಾಜರಾತಿ ಸರಿಯಾಗಿದೆ. ಷರಾ: ‘ಗುಡ್. ಗಮನ ಕೊಟ್ಟರೆ ಇನ್ನೂ ಚೆನ್ನಾಗಿ ಮಾಡ್ತಾಳೆ.’

ಬರೀ 38 ನೋಡಿದವರು ಮಾರನೇ ದಿನವೇ ಗಣಿತದ ಟ್ಯೂಷನ್‌ಗೆ ಸೇರಿಸುತ್ತಾರೆ. ಆದರೆ ಕಾರ್ಡ್ ಬೇರೆ ಹೇಳುತ್ತಿದೆ. ಎಫ್‌ಎಯಲ್ಲಿ ಎ ಇದೆ, ಹಾಗಾಗಿ ಲೆಕ್ಕವೇ ಬರಲ್ಲ ಅನ್ನುವ ಹಾಗಿಲ್ಲ. ಕನ್ನಡದಲ್ಲಿ ಎ ಇದೆ, ಹಾಗಾಗಿ ಓದಲು ಕೂರಲ್ಲ ಅನ್ನುವ ಹಾಗೂ ಇಲ್ಲ. ಇಳಿದಿರುವುದು ಇಂಗ್ಲಿಷಿನಲ್ಲಿ ಪ್ರಶ್ನೆ ಓದಿ ಬರೆಯುವ ವಿಷಯಗಳಲ್ಲಿ.

ತಂದೆ ಶಾಲೆಗೆ ಹೋಗಿ ಗಣಿತದ ಉತ್ತರ ಪತ್ರಿಕೆ ತೋರಿಸಿ ಅಂತ ಕೇಳುತ್ತಾರೆ. ಕೂಡುವ, ಗುಣಿಸುವ ಲೆಕ್ಕಗಳಿಗೆಲ್ಲ ರೈಟ್ ಬಿದ್ದಿದೆ. ವಾಕ್ಯದಲ್ಲಿ ಕೊಟ್ಟ ಲೆಕ್ಕಗಳೆಲ್ಲ ಖಾಲಿ. ಅವುಗಳಲ್ಲಿ ಒಂದು ಹೀಗಿದೆ: 25 ಕೆಜಿ ಅಕ್ಕಿ ಮೂಟೆಯಲ್ಲಿ 18 ಕೆಜಿ 750 ಗ್ರಾಂ ಮಾರಾಟವಾದರೆ ಉಳಿದದ್ದೆಷ್ಟು? ಮನೆಗೆ ಬಂದು ಅದನ್ನೇ ಕನ್ನಡದಲ್ಲಿ ಬಾಯಲ್ಲಿ ಕೇಳಿದರೆ ಹುಡುಗಿ ‘ಆರೂಕಾಲು ಕೆಜಿ’ ಅಂತ ಥಟ್ಟನೆ ಹೇಳುತ್ತಾಳೆ. ಅಂಗಡಿಯಲ್ಲಿ ದಿನಾ ನೋಡುವ ಲೆಕ್ಕ ಅದು. ಪ್ರಶ್ನೆ ಪತ್ರಿಕೆಯಲ್ಲಿದ್ದ ‘ರಿಮೇನಿಂಗ್’ ಅನ್ನುವ ಪದ ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಈಗ ಮಾಡಬೇಕಾದ್ದು ಸ್ಪಷ್ಟ. ದಿನಾ ಸಂಜೆ ಪುಸ್ತಕದಿಂದ ವಾಕ್ಯದ ಲೆಕ್ಕ ಎರಡೇ ಎರಡು. ಅವಳು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಬೇಕು, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ಕನ್ನಡದಲ್ಲಿ ಹೇಳಬೇಕು, ಆಮೇಲೆ ಬಿಡಿಸಬೇಕು. ‘ರಿಮೇನಿಂಗ್’, ‘ಡಿಫರೆನ್ಸ್’, ‘ಈಚ್’, ‘ಆಲ್ಟುಗೆದರ್’ ಥರದ ಪದಗಳನ್ನು ಒಂದು ಹಾಳೆಯಲ್ಲಿ ಅರ್ಥದ ಜೊತೆ ಬರೆದಿಡಬೇಕು. ತಂದೆಗೆ ಇಂಗ್ಲಿಷ್ ಬಾರದಿದ್ದರೂ ನಡೆಯುತ್ತೆ, ಕನ್ನಡದಲ್ಲಿ ಹೇಳಿದ್ದು ಸರಿಯಾಗಿದೆಯಾ ಅಂತ ಲೆಕ್ಕದಿಂದಲೇ ಗೊತ್ತಾಗುತ್ತೆ. ಗೊತ್ತಾಗದ ಪದಕ್ಕೆ ಗುರುತು ಹಾಕಿ ಮಾರನೇ ದಿನ ಟೀಚರ್ ಹತ್ತಿರ ಕೇಳಿಸಬಹುದು.

ಶಿಕ್ಷಕರ ಹತ್ತಿರ ಏನು ಕೇಳಬೇಕು?

‘ಹೇಗೆ ಓದ್ತಿದ್ದಾನೆ ಸಾರ್?’ ಅಂತ ಕೇಳಿದರೆ ‘ಪರವಾಗಿಲ್ಲ’ ಅನ್ನುವ ಉತ್ತರವೇ ಸಿಗುವುದು. ಷರಾ ಹಿಡಿದುಕೊಂಡೇ ಕೇಳಿ: ‘ಗಮನ ಕಡಿಮೆ ಅಂತ ಬರೆದಿದ್ದೀರಿ ಸಾರ್. ಎಲ್ಲ ಪೀರಿಯಡ್‌ನಲ್ಲೂ ಹಾಗೇನಾ, ಒಂದೇ ಸಬ್ಜೆಕ್ಟ್‌ನಲ್ಲಾ? ಬೋರ್ಡ್ ನೋಡಿ ಬರೆಯುವಾಗಲಾ, ನೀವು ಹೇಳುವಾಗಲಾ?’ ಎಲ್ಲ ಪೀರಿಯಡ್‌ನಲ್ಲೂ ಅಂದರೆ ಕಣ್ಣು, ಕಿವಿ, ನಿದ್ದೆ ಕಡೆ ನೋಡಬೇಕು. ಒಂದೇ ವಿಷಯ ಅಂದರೆ ಆ ಪಾಠದ ಕಡೆ. ಕೊನೆಗೆ ಇನ್ನೊಂದು ಪ್ರಶ್ನೆ: ‘ಮನೇಲಿ ಒಂದೇ ಒಂದು ಮಾಡಿಸೋದಾದ್ರೆ ಯಾವುದು ಮಾಡಿಸಲಿ?’

ಸರ್ಕಾರಿ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ಪೋಷಕರನ್ನೇ ಕರೆದು ಮಕ್ಕಳ ಮೌಲ್ಯಮಾಪನ ತೋರಿಸುತ್ತಾರೆ. ಆ ದಿನ ಗದ್ದಲ ಜಾಸ್ತಿ ಇದ್ದರೆ, ಶಾಲೆ ಬಿಡುವ ಹೊತ್ತಿಗೆ ಐದು ನಿಮಿಷ ಬರ್ತೀನಿ ಅಂತ ಮೊದಲೇ ಹೇಳಿ ಹೋಗಿ. ‘ಪೋಷಕರು ಭೇಟಿ ಮಾಡಿ’ ಅಂತಲೇ ಬರೆದಿದ್ದರೆ ಮುಂದಿನ ಪರೀಕ್ಷೆವರೆಗೆ ಕಾಯದೆ ಅದೇ ವಾರ ಹೋಗಬೇಕು.

ಷರಾ ಯಾವಾಗಲೂ ಸರಿ ಇರುತ್ತೆ ಅಂತೇನಿಲ್ಲ. ವರ್ಷದ ಮಧ್ಯೆ ಬಂದ ಶಿಕ್ಷಕರಿಗೆ ಮಗು ಇನ್ನೂ ಪರಿಚಯ ಆಗಿರುವುದಿಲ್ಲ. ಹಾಗಾಗಿ ಕಳೆದ ವರ್ಷದ ಕಾರ್ಡ್ ತೆಗೆದು ಪಕ್ಕದಲ್ಲಿಡಿ. ಬೇರೆ ಬೇರೆ ಶಿಕ್ಷಕರು ಒಂದೇ ಮಾತು ಬರೆದಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದೊಡ್ಡ ತರಗತಿಗೆ ಬಂದರೂ ಚಿಕ್ಕ ತರಗತಿಯ ಪಾಠ ಓದಲು ತಡವರಿಸುವ ಮಗುವಿಗೆ ಟ್ಯೂಷನ್ ಒಂದರಿಂದ ಪರಿಹಾರ ಸಿಗದಿರಬಹುದು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಮುಖ್ಯಶಿಕ್ಷಕರ ಮೂಲಕ ಸಂಪರ್ಕಿಸಬಹುದು.

ಕಾರ್ಡ್ ವಾಪಸ್ ಕೊಡುವ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನದು ಎಫ್‌ಎ 3. ಈಗ ಆರಿಸಿಕೊಂಡ ಒಂದು ಕೆಲಸ ಫಲ ಕೊಟ್ಟಿದೆಯಾ ಇಲ್ಲವಾ ಅನ್ನುವುದು ಅಲ್ಲೇ ತಿಳಿಯುತ್ತೆ. ಅಲ್ಲೂ ಬದಲಾವಣೆ ಕಾಣದಿದ್ದರೆ ಕಾರಣ ಬೇರೆ ಇದೆ ಅಂತ ಅರ್ಥ. ಎಸ್‌ಎ 2ರ ಮೊದಲು ಇನ್ನೊಂದು ಸಲ ಶಿಕ್ಷಕರ ಹತ್ತಿರ ಮಾತಾಡಲು ಆಗಲೂ ಸಮಯ ಇರುತ್ತೆ.