ಸ್ಯಾಂಪಲ್ ತಲುಪಿತು, ಮುಂದೇನು?

ಚಿಕ್ಕಮಗಳೂರಿನ ಸಣ್ಣ ರಫ್ತುದಾರರೊಬ್ಬರು ಹ್ಯಾಂಬರ್ಗಿನ ಖರೀದಿದಾರರಿಗೆ ಹುರಿಯದ ಅರೇಬಿಕಾ ಬೀಜದ ಎರಡು ಪೊಟ್ಟಣ ಕಳಿಸಿದ್ದಾರೆ ಎಂದಿಟ್ಟುಕೊಳ್ಳಿ. ಒಂದೊಂದರಲ್ಲೂ 350 ಗ್ರಾಂ. ಕೊರಿಯರ್ ತಲುಪಿದ ಮರುದಿನವೇ ‘ಹೇಗಿದೆ ನಮ್ಮ ಕಾಫಿ?’ ಎಂದು ಮೇಲ್ ಹಾಕುವ ಆತುರ ಸಹಜ. ಆದರೆ ಅಲ್ಲಿ ಬೀಜವನ್ನು ಹುರಿಯಬೇಕು, ಹುರಿದ ಮೇಲೆ ಕನಿಷ್ಠ ಎಂಟು ಗಂಟೆ ಬಿಡಬೇಕು, ಆಮೇಲೆ ರುಚಿ ನೋಡಬೇಕು. ಅದನ್ನೂ ಬೇರೆ ಊರುಗಳಿಂದ ಬಂದ ಸ್ಯಾಂಪಲ್‌ಗಳ ಜೊತೆ ಸಾಲಾಗಿಟ್ಟು ನೋಡುವುದೇ ರೂಢಿ. ಹಾಗಾಗಿ ಒಂದು ವಾರ, ಹತ್ತು ದಿನ ಬಿಟ್ಟು ಬರೆಯುವುದು ಲೇಸು.

ಬರೆಯುವಾಗ ‘ನಿಮ್ಮ ಅಮೂಲ್ಯ ಅಭಿಪ್ರಾಯ ತಿಳಿಸಿ’ ಎಂದರೆ ‘ಚೆನ್ನಾಗಿದೆ, ನೋಡೋಣ’ ಎಂಬ ಉತ್ತರ ಬರುತ್ತದೆ, ಅಷ್ಟೇ. ಅದರ ಬದಲು ಪತ್ರ ಹೀಗಿರಲಿ:

‘ಎ ಮತ್ತು ಬಿ ಎಂದು ಗುರುತು ಹಾಕಿದ ಎರಡು ಸ್ಯಾಂಪಲ್ ನಿಮಗೆ ತಲುಪಿವೆ. ಎ ತೊಳೆದು ಒಣಗಿಸಿದ್ದು, ಬಿ ಹಣ್ಣಿನ ಸಮೇತ ಒಣಗಿಸಿದ್ದು. ತೇವಾಂಶ ಎರಡರಲ್ಲೂ ಶೇ 11. ಯಾವುದು ನಿಮಗೆ ಹೊಂದುತ್ತದೆ? ಹುಳಿ, ಮೈಗಟ್ಟು, ದೋಷದ ಬೀಜ, ಯಾವುದರಲ್ಲಿ ಕೊರತೆ ಕಂಡಿತು? ಎ ಲಾಟಿನಲ್ಲಿ 60 ಕೆಜಿಯ 30 ಮೂಟೆ ಇದೆ. ಈ ತಿಂಗಳ ಕೊನೆಯವರೆಗೆ ನಿಮಗಾಗಿ ತೆಗೆದಿಡುತ್ತೇವೆ. ಮೆಚ್ಚಿದರೆ ಎಷ್ಟು ಮೂಟೆ, ಯಾವ ತಿಂಗಳಿಗೆ ಬೇಕೆಂದು ತಿಳಿಸಿ.’

ಇಲ್ಲಿನ ಪ್ರತಿ ಪ್ರಶ್ನೆಗೂ ಒಂದೇ ಸಾಲಿನಲ್ಲಿ ಉತ್ತರಿಸಬಹುದು. ‘ತೆಗೆದಿಡುತ್ತೇವೆ’ ಎಂಬ ಗಡುವು ಬೆದರಿಕೆಯಲ್ಲ. ಅರೇಬಿಕಾ ಬೆಲೆ ನ್ಯೂಯಾರ್ಕ್ ಪೇಟೆಯ ಜೊತೆ ದಿನದಿನವೂ ಏರಿಳಿಯುವುದರಿಂದ, ಗಡುವಿಲ್ಲದ ದರ ಕೊಟ್ಟವನೇ ಕೊನೆಗೆ ಸಿಕ್ಕಿಹಾಕಿಕೊಳ್ಳುವುದು. ಮೂಟೆ ಲೆಕ್ಕ ಹೇಳಲೂ ಕಾರಣವಿದೆ. ಇಪ್ಪತ್ತು ಅಡಿಯ ಕಂಟೇನರಿಗೆ ಸುಮಾರು 320 ಮೂಟೆ ಹಿಡಿಯುತ್ತದೆ. ನಮ್ಮ 30 ಮೂಟೆ ಬೇರೆಯವರ ಸರಕಿನ ಜೊತೆ ಹೋಗಬೇಕು. ಆ ಏರ್ಪಾಡಿಗೆ ಸಮಯ ಬೇಕು.

ಉತ್ತರ ಒಪ್ಪಿಗೆಯಾದರೂ ವ್ಯವಹಾರ ಮುಗಿದಂತಲ್ಲ. ಖರೀದಿದಾರರು ಸಾಮಾನ್ಯವಾಗಿ ಸ್ಯಾಂಪಲ್ ಒಪ್ಪಿಗೆಗೆ ಒಳಪಟ್ಟ ಒಪ್ಪಂದ ಮಾಡುತ್ತಾರೆ. ಅಂದರೆ ಮೂಟೆ ಕಟ್ಟಿದ ಮೇಲೆ ಅದರೊಳಗಿನಿಂದಲೇ ತೆಗೆದ ಇನ್ನೊಂದು ಸ್ಯಾಂಪಲ್ ಹೋಗಬೇಕು. ಅದನ್ನು ಒಪ್ಪಿದ ಮೇಲಷ್ಟೇ ಸರಕು ಹಡಗು ಹತ್ತುತ್ತದೆ. ಜಗಳ ಹುಟ್ಟುವುದೂ ಇಲ್ಲೇ. ಮೊದಲ ಪೊಟ್ಟಣಕ್ಕೆ ಕೈಯಲ್ಲಿ ಆರಿಸಿದ ಬೀಜ ತುಂಬಿದ್ದರೆ ಎರಡನೆಯದು ಅದಕ್ಕೆ ಹೋಲುವುದಿಲ್ಲ, ಒಪ್ಪಂದ ಮುರಿಯುತ್ತದೆ. ಆದ್ದರಿಂದ ಕಳಿಸಿದ ಲಾಟಿನದೇ ಅರ್ಧ ಕಿಲೋ ಬೀಜವನ್ನು ಅದೇ ಗುರುತು ಹಾಕಿ, ಗಾಳಿಯಾಡದ ಚೀಲದಲ್ಲಿ ಮನೆಯಲ್ಲೂ ಇಟ್ಟುಕೊಳ್ಳಬೇಕು. ‘ರುಚಿ ಬೇರೆ ಇದೆ’ ಎಂಬ ದೂರು ಬಂದಾಗ ಹೋಲಿಸಿ ನೋಡಲು ಇರುವುದು ಅದೊಂದೇ.

ಮೊದಲ ಪತ್ರಕ್ಕೆ ಉತ್ತರ ಬಾರದಿದ್ದರೆ ಗಡುವಿಗೆ ಮೂರು ದಿನ ಮೊದಲು ಎರಡು ಸಾಲಿನ ನೆನಪೋಲೆ ಸಾಕು. ಆಗಲೂ ಸದ್ದಿಲ್ಲವೆಂದರೆ ಲಾಟನ್ನು ಬೇರೆಯವರಿಗೆ ಮಾರಿ, ಮಾರಿದ್ದನ್ನು ಒಂದು ಸಾಲಿನಲ್ಲಿ ಅವರಿಗೂ ತಿಳಿಸಿಬಿಡಿ.