ಚರ್ಚ್ ಹಾಲ್ ವಿಸ್ತರಣೆ: ಸಭೆಯ ಮುಂದಿಡುವ ಪ್ರಸ್ತಾವ

ಚರ್ಚ್ ಹಾಲ್ ವಿಸ್ತರಿಸುವ ಪ್ರಸ್ತಾವದಲ್ಲಿ ಮೊದಲು ಸ್ಪಷ್ಟವಾಗಬೇಕಾದದ್ದು ಜಾಗದ ಒಡೆತನ. ಸಿಎಸ್‌ಐ ಚರ್ಚುಗಳ ಆಸ್ತಿ ಸಾಮಾನ್ಯವಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುತ್ತದೆ. ಹಾಗಾಗಿ ಸಭಿಕರ ಮತದ ಜೊತೆಗೆ ಡಯಾಸಿಸ್‌ನ ಒಪ್ಪಿಗೆಯೂ ಬೇಕು.

ಉದಾಹರಣೆಗೆ 150 ಕುಟುಂಬಗಳ ಸಭೆಯೊಂದು 1,000 ಚದರ ಅಡಿ ಸೇರಿಸಲು ಹೊರಟಿದೆ ಎನ್ನೋಣ. ಚದರ ಅಡಿಗೆ 2,500 ರೂಪಾಯಿಯಂತೆ ಕಟ್ಟಡಕ್ಕೆ 25 ಲಕ್ಷ. ನಕ್ಷೆ, ಪರವಾನಗಿ, ಕುರ್ಚಿ, ಫ್ಯಾನುಗಳಿಗೆ 2.5 ಲಕ್ಷ. ಅನಿರೀಕ್ಷಿತ ಖರ್ಚಿಗೆ ಮತ್ತೆ 2.5 ಲಕ್ಷ. ಈ ಕೊನೆಯ ಮೊತ್ತವನ್ನು ಬಿಟ್ಟು ಅಂದಾಜನ್ನು ಚಿಕ್ಕದಾಗಿ ತೋರಿಸುವುದು ಸಭಿಕರಿಗೆ ಮಾಡುವ ಅನ್ಯಾಯ. ಹಳೆಯ ಗೋಡೆಗೆ ಹೊಸದನ್ನು ಜೋಡಿಸುವಾಗ ಅಡಿಪಾಯದ ದೋಷ ಅಗೆದ ಮೇಲೆಯೇ ಕಾಣುತ್ತದೆ.

ಒಟ್ಟು 30 ಲಕ್ಷದಲ್ಲಿ 12 ಲಕ್ಷ ಕಟ್ಟಡ ನಿಧಿಯಲ್ಲಿದ್ದರೆ ಉಳಿದ 18 ಲಕ್ಷಕ್ಕೆ ವಾಗ್ದಾನ ಪತ್ರಗಳೇ ಆಧಾರ. ವಾಗ್ದಾನವೆಲ್ಲ ಹಣವಾಗುವುದಿಲ್ಲ: ಕೆಲಸ ಹೋಗುತ್ತದೆ, ಕಾಯಿಲೆ ಬರುತ್ತದೆ, ಕುಟುಂಬ ಊರು ಬಿಡುತ್ತದೆ. 21 ಲಕ್ಷದ ವಾಗ್ದಾನವಿದ್ದರೆ ಏಳರಲ್ಲೊಂದು ಪಾಲು ಬಾರದಿದ್ದರೂ ಲೆಕ್ಕ ಸರಿಹೋಗುತ್ತದೆ. ಅದು ಕುಟುಂಬಕ್ಕೆ ಸರಾಸರಿ 14,000 ರೂಪಾಯಿ, ಎರಡು ವರ್ಷದಲ್ಲಿ ತಿಂಗಳಿಗೆ ಸುಮಾರು 585. ಬಡ ಕುಟುಂಬಗಳಿಗೆ ಇದು ಭಾರವೇ. ಆದ್ದರಿಂದ ಯಾರು ಎಷ್ಟು ಬರೆದರೆಂಬುದು ಗುಟ್ಟಾಗಿರಬೇಕು.

ಜಗಳ ಹುಟ್ಟುವುದು ಹೆಚ್ಚಾಗಿ ಎಣಿಕೆಯಲ್ಲಿ. ಮೂರನೇ ಎರಡರಷ್ಟು ಬಹುಮತ ಬೇಕೆಂದಿದ್ದು, ಹಾಜರಿದ್ದ 110 ಮಂದಿಯಲ್ಲಿ 70 ಮಂದಿ ಪರ, 30 ಮಂದಿ ವಿರೋಧ, 10 ಮಂದಿ ತಟಸ್ಥರಾದರೆ ಫಲಿತಾಂಶವೇನು? ಚಲಾಯಿಸಿದ ಮತದ ಲೆಕ್ಕದಲ್ಲಿ ಅಂಗೀಕಾರ, ಹಾಜರಿಯ ಲೆಕ್ಕದಲ್ಲಿ ತಿರಸ್ಕಾರ. ಯಾವ ಲೆಕ್ಕವೆಂಬುದು ಮತದಾರರ ಪಟ್ಟಿ ಮತ್ತು ಕೋರಂ ಸಂಖ್ಯೆಯೊಂದಿಗೆ ನೋಟಿಸಿನಲ್ಲೇ ಇರಬೇಕು. ಸಾಲ ಮಾಡುವುದಾದರೆ ಅದಕ್ಕೆ ಪ್ರತ್ಯೇಕ ಗುಪ್ತ ಮತದಾನ ನಡೆಯಬೇಕು.