ತಾತನಿಗೆ ತಗ್ಗು, ಅಜ್ಜಿಗೆ ಎತ್ತರ

ಸ್ಯಾನಿಟರಿ ಅಂಗಡಿಯಲ್ಲಿ "ಮನೇಲಿ ವಯಸ್ಸಾದವರಿದ್ದಾರೆ" ಎಂದು ಬಾಯಿ ಬಿಟ್ಟರೆ ಸಾಕು, ಅಂಗಡಿಯವರು ನೇರ ಎತ್ತರದ ಕಮೋಡ್‌ಗಳ ಮುಂದೆ ತಂದು ನಿಲ್ಲಿಸುತ್ತಾರೆ. 'ಕಂಫರ್ಟ್ ಹೈಟ್' ಎಂಬುದು ಅಮೆರಿಕದ ಕೊಹ್ಲರ್ ಕಂಪನಿ ತನ್ನ ಮಾಲಿಗೆ ಇಟ್ಟ ಹೆಸರು. ಈಗ ಎತ್ತರದ ಕಮೋಡ್‌ಗೆಲ್ಲ ಅದೇ ಹೆಸರು ನಿಂತಿದೆ. ಇದರ ಅಳತೆ ಅಮೆರಿಕದ ಅಂಗವಿಕಲರ ಕಾಯ್ದೆಯ ಮಾನದಂಡಕ್ಕೆ ಹೊಂದುತ್ತದೆ. ಅದರ ಪ್ರಕಾರ ಸೀಟಿನ ಮೇಲ್ಭಾಗ ನೆಲದಿಂದ 17ರಿಂದ 19 ಇಂಚು ಇರಬೇಕು. ಗಾಲಿಕುರ್ಚಿಯಿಂದ ಪಕ್ಕಕ್ಕೆ ಸರಿದು ಕೂರುವವರಿಗೆ ಇದು ಅನುಕೂಲ. ಸಾಮಾನ್ಯ ಕಮೋಡ್‌ನ ಸೀಟು 15-16 ಇಂಚಿನಲ್ಲಿರುತ್ತದೆ.

ತೊಡಕಿರುವುದು 'ವಯಸ್ಸಾದವರಿಗೆ ಎತ್ತರ ಒಳ್ಳೆಯದು' ಎಂಬ ಮಾತಿನಲ್ಲಿ. ನಮ್ಮಲ್ಲಿ ವಯಸ್ಸಾದವರು ಎಂದರೆ ಅನೇಕ ಮನೆಗಳಲ್ಲಿ ಐದಡಿಗೂ ಕಡಿಮೆ ಇರುವ ಅಜ್ಜಿ. ಆಕೆಗೆ ಮಂಡಿ ನೋವೂ ಇದೆ, ಕಾಲೂ ಗಿಡ್ಡ. 18 ಇಂಚಿನ ಸೀಟಿನಲ್ಲಿ ಕೂತರೆ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಮೈಭಾರದಲ್ಲಿ ಪಾದದ ಪಾಲೂ ತೊಡೆಯ ಮೇಲೇ ಬಿದ್ದು, ಸೀಟಿನ ಮುಂದಿನ ಅಂಚು ತೊಡೆಯ ಅಡಿಯನ್ನು ಒತ್ತುತ್ತದೆ. ಸ್ವಲ್ಪ ಹೊತ್ತಿಗೆ ಕಾಲು ಜುಮ್ಮೆನ್ನುತ್ತದೆ. ಜುಮ್ಮೆಂದ ಕಾಲನ್ನು ಊರಿ ಏಳುವಾಗಲೇ ಮುಗ್ಗರಿಸುವುದು. ಇನ್ನೊಂದು ವಿಷಯ ಹೇಳಲು ಜನ ಸಂಕೋಚಪಡುತ್ತಾರೆ. ಮಂಡಿ ಮೇಲಿದ್ದು ಸೊಂಟ ಕೆಳಗಿದ್ದರೆ ಗುದದ್ವಾರದ ಒಳಗೆ ಮಲವನ್ನು ತಡೆಹಿಡಿಯುವ ಸ್ನಾಯು ಸಡಿಲಾಗಿ ದಾರಿ ನೇರವಾಗುತ್ತದೆ. ಕಾಲು ಇಳಿಬಿಟ್ಟುಕೊಂಡು ಕೂತಾಗ ಹಾಗಾಗುವುದಿಲ್ಲ, ಮುಕ್ಕಬೇಕಾಗುತ್ತದೆ. ಹೊಸ ಕಮೋಡ್ ಬಂದ ಮೇಲೆ ಮಲಬದ್ಧತೆ ಶುರುವಾಯಿತು ಎಂದು ಯಾರಾದರೂ ಹೇಳಿದರೆ ಮೊದಲು ಅವರ ಪಾದ ಎಲ್ಲಿದೆ ನೋಡಬೇಕು.

ಎತ್ತರವನ್ನು ಹೇಳುವುದು ವಯಸ್ಸಲ್ಲ, ಮೊಣಕಾಲಿನ ಕೆಳಗಿನ ಉದ್ದ. ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಬಚ್ಚಲಿಗೆ ಹಾಕುವ ಚಪ್ಪಲಿಯನ್ನೇ ಹಾಕಿಸಿ, ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಟೇಪ್ ಹಿಡಿಯಿರಿ. ಇದಕ್ಕಿಂತ ಒಂದೆರಡು ಇಂಚು ಮೇಲಿರುವ ಸೀಟಿನಿಂದ ಏಳುವುದು ಸುಲಭ. ಅದಕ್ಕಿಂತ ಮೇಲೆ ಹೋದರೆ ಕಾಲು ತೇಲುತ್ತದೆ. ಕೆಳಗೆ ಹೋದಷ್ಟೂ ಏಳುವ ಭಾರವೆಲ್ಲ ಮಂಡಿಗೆ.

ಒಂದು ಮನೆ ಇಟ್ಟುಕೊಳ್ಳೋಣ. ತಾತ ಐದಡಿ ಹತ್ತಿಂಚು, ಅಜ್ಜಿ ನಾಲ್ಕಡಿ ಹತ್ತಿಂಚು, ಮೊಮ್ಮಗ ಆರಡಿ. ಮೂವರಿಗೂ ಒಂದೇ ಬಾತ್‌ರೂಮು. ಚಪ್ಪಲಿ ಸಮೇತ ಅಳೆದರೆ ತಾತನದು 18 ಇಂಚು, ಅಜ್ಜಿಯದು 15. ಮೊಮ್ಮಗನದು 19 ಬಂದರೂ ಅವನ ಲೆಕ್ಕ ಬಿಡಿ. ಮಂಡಿ ಗಟ್ಟಿಯಿರುವ ಹುಡುಗ ಎಷ್ಟು ತಗ್ಗಿನಿಂದಲಾದರೂ ಎದ್ದಾನು, ಹೊಟ್ಟೆ ಖಾಲಿಯಾಗಲು ತಗ್ಗೇ ಅವನಿಗೆ ಲೇಸು. ಕಷ್ಟ ಇರುವುದು ತಾತ ಮತ್ತು ಅಜ್ಜಿಯ ನಡುವೆ. ಸೀಟನ್ನು 19ಕ್ಕೆ ಇಟ್ಟರೆ ತಾತನಿಗೆ ಸುಖ, ಅಜ್ಜಿ ಕಟ್ಟೆಯ ಮೇಲೆ ಕೂತ ಮಗುವಿನ ಹಾಗಾಗುತ್ತಾರೆ. 15ಕ್ಕೆ ಇಟ್ಟರೆ ತಾತ ಕೊನೆಯ ಮೂರಿಂಚು ಹಿಡಿತ ತಪ್ಪಿ ದೊಪ್ಪನೆ ಬೀಳುತ್ತಾರೆ. ಸೀಟಿನ ಹಿಂಜ್ ಪದೇ ಪದೇ ಮುರಿಯುತ್ತಿದ್ದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು.

ಇಂಥ ಮನೆಗೆ ನಾನು ಹೇಳುವುದು ಹದಿನಾರೂವರೆ ಇಂಚು. ಅಜ್ಜಿಗೆ ಒಂದೂವರೆ ಇಂಚು ಹೆಚ್ಚು, ಏಳಲು ಬೇಕಾದಷ್ಟೇ. ತಾತನಿಗೆ ಒಂದೂವರೆ ಇಂಚು ಕಡಿಮೆ, ಅದನ್ನು ಗೋಡೆಯ ಹಿಡಿಕೆ ತುಂಬಿಕೊಡುತ್ತದೆ. ಮುಂದೆ ತಾತನಿಗೆ ಸೊಂಟದ ಕೀಲಿನ ಆಪರೇಷನ್ ಆಗಿ, ಸೊಂಟ ಹೆಚ್ಚು ಬಾಗಿಸಬೇಡಿ ಎಂದು ಡಾಕ್ಟರು ಹೇಳಿದರೆ, ಸರ್ಜಿಕಲ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ರೈಸರನ್ನು ಸೀಟಿನ ಜಾಗಕ್ಕೆ ಬಿಗಿದು ಎರಡೋ ನಾಲ್ಕೋ ಇಂಚು ಏರಿಸಬಹುದು. ಎತ್ತರದ ಕಮೋಡನ್ನು ಮಾತ್ರ ಯಾರೂ ಕೊಯ್ದು ತಗ್ಗಿಸಲಾರರು. ಅನುಮಾನವಿದ್ದಾಗ ತಗ್ಗಿನ ಕಡೆ ವಾಲುವುದಕ್ಕೆ ನನಗಿರುವ ಕಾರಣ ಇದೇ.

ಎತ್ತರದ ಕಮೋಡೇ ಇರಲಿ, ಅಜ್ಜಿಗೆ ಕಾಲಡಿ ಒಂದು ಮಣೆ ಕೊಟ್ಟರಾಯಿತಲ್ಲ ಎನ್ನುವವರಿದ್ದಾರೆ. ಕೂತಿರುವಷ್ಟು ಹೊತ್ತು ಸರಿ. ಆದರೆ ಕುಳಿತವರು ಏಳುವುದನ್ನು ಗಮನಿಸಿ: ಮೊದಲು ಪಾದಗಳನ್ನು ಮಂಡಿಗಿಂತ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಆಮೇಲೆ ಮುಂದಕ್ಕೆ ಬಾಗುತ್ತಾರೆ, ಆಮೇಲಷ್ಟೇ ಮೇಲೇಳುತ್ತಾರೆ. ಮಣೆ ಇದ್ದರೆ ಮೊದಲು ಕಾಲು ಕೆಳಗಿಳಿಸಿ, ಅದನ್ನು ಆಚೆ ತಳ್ಳಿ, ಒದ್ದೆ ನೆಲದಲ್ಲಿ ಪಾದ ಹುಡುಕಿಕೊಳ್ಳಬೇಕು. ಅದೂ ನಡುರಾತ್ರಿ. ಮಣೆ ಮಕ್ಕಳಿಗೆ ಇರಲಿ. ಪಾದ ಹಿಂದಕ್ಕೆ ಹೋಗಬೇಕಾದ್ದರಿಂದಲೇ ಗೋಡೆಗೆ ತೂಗುವ ವಾಲ್ ಹಂಗ್ ಕಮೋಡ್ ಮುದುಕರಿಗೆ ಒಗ್ಗುತ್ತದೆ, ಕೆಳಗೆ ಖಾಲಿ ಜಾಗ ಇರುತ್ತದೆ. ನೆಲಕ್ಕೆ ಕೂರುವ, ಬುಡ ಅಗಲವಾದ ಮಾಡೆಲ್‌ಗಳಲ್ಲಿ ಹಿಮ್ಮಡಿ ಪಿಂಗಾಣಿಗೆ ತಾಗಿ ನಿಂತುಬಿಡುತ್ತದೆ.

ವಾಲ್ ಹಂಗ್‌ನ ಎತ್ತರವನ್ನು ನಿಮಗೆ ಬೇಕಾದಲ್ಲಿ ನಿಲ್ಲಿಸಿಕೊಳ್ಳಬಹುದು, ಆದರೆ ಒಂದೇ ಸಲ. ಗೋಡೆಯೊಳಗಿನ ಫ್ಲಶ್ ಟ್ಯಾಂಕಿನ ಫ್ರೇಮ್ ಕೂರಿಸುವ ದಿನವೇ ಎತ್ತರ ತೀರ್ಮಾನವಾಗಿಬಿಡುತ್ತದೆ. ಆಗ ಬಾತ್‌ರೂಮಿನ ನೆಲ ಇನ್ನೂ ಒರಟಾಗಿಯೇ ಇರುತ್ತದೆ. ಪ್ಲಂಬರ್ ಆ ನೆಲದಿಂದಲೇ ಅಳೆದರೆ, ಆಮೇಲೆ ಗಾರೆ, ಇಳಿಜಾರು, ಟೈಲ್ಸ್ ಸೇರಿ ನೆಲ ಎರಡಿಂಚು ಮೇಲೆ ಬರುತ್ತದೆ, ಹದಿನಾರೂವರೆ ಹೋಗಿ ಹದಿನಾಲ್ಕೂವರೆ ಆಗುತ್ತದೆ. ಹೊರಗಿನ ಕೋಣೆಯ ಟೈಲ್ಸ್ ಮಟ್ಟವನ್ನು ಬಾತ್‌ರೂಮಿನ ಗೋಡೆಗೆ ತಂದು, ಅಲ್ಲಿಂದ ಬಾತ್‌ರೂಮಿನ ನೆಲ ಎಷ್ಟು ತಗ್ಗೋ ಅಷ್ಟು ಕಳೆದು ಗೆರೆ ಎಳೆಸಿ, ಆ ಗೆರೆಯಿಂದ ಅಳೆಯಲು ಹೇಳಿ. ಮತ್ತೊಂದು ಎಡವಟ್ಟು ಕ್ಯಾಟಲಾಗಿನದು. ಅಲ್ಲಿ ಬರೆದ ಎತ್ತರ ಎಷ್ಟೋ ಸಲ ಪಿಂಗಾಣಿಯ ಅಂಚಿನದು, ಸೀಟಿನ ದಪ್ಪ ಸೇರಿರುವುದಿಲ್ಲ. ಸೀಟು ಸುಮಾರು ಒಂದಿಂಚು ಸೇರಿಸುತ್ತದೆ.

ಹಳೆಯ ಮನೆಗಳ ಕತೆ ಬೇರೆ. ಇಂಡಿಯನ್ ಕಕ್ಕಸು ಇದ್ದ ಕಡೆ ಆರೇಳು ಇಂಚಿನ ಕಟ್ಟೆ ಇರುತ್ತದೆ. ಅದನ್ನು ಒಡೆದು ಕೆಳಗಿನ ಟ್ರ್ಯಾಪ್ ಬದಲಿಸುವ ಗೋಜು ಬೇಡವೆಂದು ಗಾರೆಯವರು ಕಮೋಡನ್ನು ಕಟ್ಟೆಯ ಮೇಲೆಯೇ ಕೂರಿಸುತ್ತಾರೆ. ಕಟ್ಟೆ ಮುಂದಕ್ಕೆ ಸಾಕಷ್ಟು ಚಾಚಿಲ್ಲದಿದ್ದರೆ ಪಾದ ಊರುವುದು ಕೆಳಗಿನ ನೆಲದಲ್ಲಿ. ಅಂದರೆ 16 ಇಂಚಿನ ಕಮೋಡು ಕೂರುವವರ ಪಾಲಿಗೆ 22 ಇಂಚು. ಕಟ್ಟೆ ಚಾಚಿದ್ದರೂ ಎದ್ದವರು ಮೊದಲ ಹೆಜ್ಜೆಯನ್ನೇ ಮೆಟ್ಟಿಲಿಳಿಯುವ ಹಾಗೆ ಇಡಬೇಕು. ಇಂಥ ಕಡೆ ಕಟ್ಟೆ ಒಡೆಸುವುದಕ್ಕೇ ಹಣ ಹಾಕಿ, ಕಮೋಡ್ ಯಾವುದಾದರೂ ನಡೆಯುತ್ತದೆ.

ಹಿಡಿಕೆ ಹಾಕಿಸುವಾಗ ಅಜ್ಜಿ, ತಾತ ಇಬ್ಬರನ್ನೂ ಕಮೋಡ್ ಮೇಲೆ ಕೂರಿಸಿ, ಏಳುವಾಗ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಎರಡು ಗುರುತು ಬೇರೆಯಾಗಿಯೇ ಬೀಳುತ್ತವೆ. 'ಎಲ್' ಆಕಾರದ ಹಿಡಿಕೆಯಾದರೆ ಅಡ್ಡ ಭಾಗವನ್ನು ಅಜ್ಜಿ ಒತ್ತುತ್ತಾರೆ, ನಿಂತ ಭಾಗವನ್ನು ತಾತ ಮೇಲಿನಿಂದ ಎಳೆಯುತ್ತಾರೆ. ಸ್ಕ್ರೂ ಟೈಲ್ಸ್ ದಾಟಿ ಇಟ್ಟಿಗೆಗೋ ಕಾಂಕ್ರೀಟಿಗೋ ಇಳಿಯಬೇಕು. ಟೊಳ್ಳು ಬ್ಲಾಕಿನ ಗೋಡೆಯಾದರೆ ಅದಕ್ಕೆಂದೇ ಇರುವ ಆಂಕರ್ ಬೇಕು, ಸಾದಾ ಪ್ಲಾಸ್ಟಿಕ್ ಪ್ಲಗ್ ಕಿತ್ತು ಬರುತ್ತದೆ. ಹಾಕಿದವರನ್ನೇ ಕರೆದು ಇಡೀ ಮೈಭಾರ ಹಾಕಿ ಜಗ್ಗಿಸಿ ನೋಡಿ. ಹತ್ತಿರದಲ್ಲಿ ಟವಲ್ ರಾಡ್ ಇದ್ದರೆ ಅದನ್ನು ಆಚೆ ಗೋಡೆಗೆ ಸಾಗಿಸಿ, ಕೈಗೆಟುಕಿದರೆ ತಾತ ಹಿಡಿಯುವುದು ಅದನ್ನೇ.